ನಾಲ್ಕನ್ನೂ ಒಂದೇ ಸಾಲಿನಲ್ಲಿ ಹೋಲಿಸಬೇಡಿ

"ಕಾಸ್ಟ್-ಪ್ಲಸ್, ವ್ಯಾಲ್ಯೂ-ಬೇಸ್ಡ್, ಸ್ಕಿಮ್ಮಿಂಗ್, ಪೆನಿಟ್ರೇಷನ್ ಈ ನಾಲ್ಕು ಬೆಲೆ ನಿಗದಿ ವಿಧಾನಗಳನ್ನೂ ಹೋಲಿಸಿ ಅಂತ ಕೇಳಿದರೆ ಎಲ್ಲಿಂದ ಶುರು ಮಾಡಲಿ?"

ಮೊದಲು ಎರಡು ಜೋಡಿ ಮಾಡಿಕೊಳ್ಳಿ. ಮೊದಲೆರಡು ಬೆಲೆಯನ್ನು ಯಾವುದರ ಆಧಾರದ ಮೇಲೆ ಕಟ್ಟುತ್ತೇವೆ ಎಂದು ಹೇಳುತ್ತವೆ. ಉಳಿದೆರಡು ಹೊಸ ಉತ್ಪನ್ನದ ಬೆಲೆ ಎತ್ತರದಿಂದ ಶುರುವಾಗಬೇಕೋ ತಗ್ಗಿನಿಂದಲೋ ಎಂಬುದನ್ನು. ಹೆಚ್ಚಿನವರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಒಂದು ಲೆಕ್ಕ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ಸ್ಥಿರ ವೆಚ್ಚ 4,00,000 ರೂಪಾಯಿ, ಪ್ರತಿ ಘಟಕದ ಬದಲಾಗುವ ವೆಚ್ಚ 60, ಅಂದಾಜು ಮಾರಾಟ 10,000 ಘಟಕ ಎನ್ನೋಣ. ಸ್ಥಿರ ವೆಚ್ಚದ ಪಾಲು 40 ಸೇರಿ ಒಟ್ಟು ಘಟಕ ವೆಚ್ಚ 100. ಅದರ ಮೇಲೆ ಶೇ. 25 ಸೇರಿಸಿದರೆ ಕಾಸ್ಟ್-ಪ್ಲಸ್ ಬೆಲೆ 125. ಮಾರಾಟ 8,000ಕ್ಕೆ ಇಳಿದರೆ ಘಟಕ ವೆಚ್ಚ 110 ಆಗಿ, ಸೂತ್ರ 137.50 ಕೇಳುತ್ತದೆ. ಬೇಡಿಕೆ ಕುಸಿದಾಗಲೇ ಬೆಲೆ ಏರಿಸುವುದು ಈ ವಿಧಾನದ ನಿಜವಾದ ದೋಷ, ಇದನ್ನು ಖಂಡಿತ ಬರೆಯಿರಿ.

ವ್ಯಾಲ್ಯೂ-ಬೇಸ್ಡ್ ಗ್ರಾಹಕನ ಕಡೆಯಿಂದ ಹೊರಡುತ್ತದೆ. ಪರ್ಯಾಯ ವಸ್ತುವಿನ ಬೆಲೆ 150, ನಮ್ಮದರಿಂದ ಆತನಿಗೆ ಹೆಚ್ಚುವರಿ ಉಳಿತಾಯ 40 ಆದರೆ, ಬೆಲೆಯ ಮಿತಿ 190.

ಆ 190ರಲ್ಲೇ ಶುರು ಮಾಡಿ ಕ್ರಮೇಣ ಇಳಿಸುವುದು ಸ್ಕಿಮ್ಮಿಂಗ್: 190ರಲ್ಲಿ ಘಟಕಕ್ಕೆ 130 ಉಳಿಯುವುದರಿಂದ ಸುಮಾರು 3,077 ಘಟಕಕ್ಕೆ ಸ್ಥಿರ ವೆಚ್ಚ ವಾಪಸ್. ತಗ್ಗಿನಿಂದ, ಅಂದರೆ 90ರಿಂದ ಶುರು ಮಾಡುವ ಪೆನಿಟ್ರೇಷನ್‌ನಲ್ಲಿ ಘಟಕಕ್ಕೆ 30 ಮಾತ್ರ ಉಳಿಯುವುದರಿಂದ 13,334 ಬೇಕು. ಹಾಗಾಗಿ ಬೆಲೆ ಇಳಿದರೆ ಬೇಡಿಕೆ ಜೋರಾಗಿ ಹಿಗ್ಗುವ ಮಾರುಕಟ್ಟೆಯಲ್ಲಷ್ಟೇ ಅದು ನಿಲ್ಲುತ್ತದೆ.