ಸಂಪಿನ ಮೋಟಾರು ಗುಂಯ್ ಅನ್ನುತ್ತೆ, ತಿರುಗಲ್ಲ

ಪ್ರಶ್ನೆ: ನಮ್ಮ ಮನೆಯ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಅರ್ಧ ಹೆಚ್‌ಪಿ ಮೋಟಾರು ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಫ್ಯಾನನ್ನು ಕೈಯಿಂದ ತಳ್ಳಿದರೆ ಒಂದೊಂದು ಸಲ ಶುರುವಾಗುತ್ತೆ. ಕಾಯಿಲ್ ಸುಟ್ಟಿದೆ, ರೀವೈಂಡಿಂಗ್ ಮಾಡಿಸಬೇಕು ಅಂತಾರೆ. ನಿಜವೇ?

ಉತ್ತರ: ರೀವೈಂಡಿಂಗ್‌ಗೆ ಕೊಡಬೇಡಿ, ಸ್ವಲ್ಪ ತಡೆಯಿರಿ. ತಳ್ಳಿದಾಗ ಓಡುತ್ತದೆ ಅಂದರೆ ರನ್ನಿಂಗ್ ಕಾಯಿಲ್ ಬಹುಮಟ್ಟಿಗೆ ಚೆನ್ನಾಗಿದೆ. ಆದರೆ ಸ್ವಿಚ್ ಹಾಕಿಟ್ಟು ಫ್ಯಾನ್ ತಳ್ಳುವುದನ್ನು ಇವತ್ತೇ ನಿಲ್ಲಿಸಿ. ಬೆರಳು ಹೋಗುತ್ತದೆ. ನಿಂತಲ್ಲೇ ಗುಂಯ್‌ಗುಡುವ ಮೋಟಾರು ಓಡುವಾಗಿನದಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ, ಹಾಗೇ ಬಿಟ್ಟರೆ ಈಗ ಸುಡದ ಕಾಯಿಲ್ ಆಗ ಸುಡುತ್ತದೆ.

ಸಿಂಗಲ್ ಫೇಸ್‌ನಲ್ಲಿ ರನ್ನಿಂಗ್ ಕಾಯಿಲ್ ಒಂದೇ ಇದ್ದರೆ ರೋಟರಿಗೆ ಯಾವ ಕಡೆ ತಿರುಗಬೇಕೆಂಬ ಸೂಚನೆಯೇ ಸಿಗುವುದಿಲ್ಲ. ಅದನ್ನು ಕೊಡುವುದು ಸ್ಟಾರ್ಟಿಂಗ್ ಕಾಯಿಲ್ ಮತ್ತು ಅದರ ಜೊತೆ ಸರಣಿಯಲ್ಲಿರುವ ಕೆಪಾಸಿಟರ್. ಆ ದಾರಿ ಸತ್ತರೆ ಮೋಟಾರು ನೀವು ತಳ್ಳಿದ ಕಡೆಗೆ ಓಡುತ್ತದೆ. ಉಲ್ಟಾ ತಳ್ಳಿದರೆ ಉಲ್ಟಾ ಓಡುತ್ತದೆ, ಶಬ್ದ ಬರುತ್ತದೆ, ಟ್ಯಾಂಕಿಗೆ ನೀರು ಬರುವುದಿಲ್ಲ. ನಿಮಗೂ ಹಾಗೆ ಆಗಿದ್ದರೆ ತಪ್ಪು ಆ ದಾರಿಯಲ್ಲೇ ಇದೆ.

ಆದರೂ ಮೊದಲು ಶಾಫ್ಟ್ ನೋಡಿ. ಪ್ಲಗ್ ಕಿತ್ತು, ಹಿಂದಿನ ಫ್ಯಾನ್ ಕವರ್ ಬಿಚ್ಚಿ ಕೈಯಿಂದ ತಿರುಗಿಸಿ. ಎಷ್ಟೋ ಮೋಟಾರುಗಳಲ್ಲಿ ಶಾಫ್ಟಿನ ತುದಿಗೆ ಸ್ಕ್ರೂಡ್ರೈವರ್ ಕೂರುವ ಗೀಟು ಇರುತ್ತದೆ. ಈ ಚಿಕ್ಕ ಸೆಲ್ಫ್ ಪ್ರೈಮಿಂಗ್ ಪಂಪುಗಳಲ್ಲಿ ನೀರು ತಳ್ಳುವ ಚಕ್ರವಾದ ಇಂಪೆಲ್ಲರಿಗೂ ಬಾಡಿಗೂ ನಡುವೆ ಸಂದು ಬಹಳ ಕಡಿಮೆ. ಊರಿಗೆ ಹೋಗಿ ಕೆಲವು ವಾರ ಬಿಟ್ಟು ಬಂದರೆ ತುಕ್ಕು, ಗಡಸು ನೀರಿನ ಬಿಳಿ ಪದರ ಸೇರಿ ಹಿಡಿದುಕೊಳ್ಳುತ್ತದೆ. ಆಗ ಹೊಸ ಕೆಪಾಸಿಟರ್ ಹಾಕಿದರೂ ಗುಂಯ್ ಅನ್ನುವುದೇ. ಎರಡೂ ಕಡೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಶಾಫ್ಟನ್ನು ಮೇಲೆ ಕೆಳಗೆ ಎತ್ತಿ ನೋಡಿ, ಆಟ ಇದ್ದರೆ ಬೇರಿಂಗ್ ಹೋಗಿ ರೋಟರು ಒಳಗೆ ಉಜ್ಜುತ್ತಿರಬಹುದು.

ಸಲೀಸಾಗಿ ತಿರುಗಿದರೆ ಕೆಪಾಸಿಟರಿಗೆ ಬನ್ನಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರಬಹುದು. ಹೋಲ್ಡರಿಗೆ ಹಾಕಿದ ಹಳೇ 100 ವ್ಯಾಟ್ ಬಲ್ಬಿನ ಎರಡು ವೈರನ್ನು ಅದರ ಎರಡು ತುದಿಗೆ ಕೆಲವು ಸೆಕೆಂಡ್ ಮುಟ್ಟಿಸಿ ಖಾಲಿ ಮಾಡಿ. ವೈರು ಬಿಚ್ಚಿ, ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿ. ಉಬ್ಬಿರದೆ, ಸೋರದೆ ಹೊಸದರಂತೆ ಕಾಣುವ ಕೆಪಾಸಿಟರೂ ಒಳಗೆ ಸೊರಗಿರಬಹುದು, ಕಣ್ಣನ್ನು ನಂಬಬೇಡಿ.

ನಮ್ಮ ಬೀದಿಯ ಒಂದು ಮನೆಯ ಮೋಟಾರು ಬೆಳಗ್ಗೆ ಹೊರಡುತ್ತಿತ್ತು, ಸಂಜೆ ಬರೀ ಗುಂಯ್. ಕೆಪಾಸಿಟರ್ ಮೇಲೆ 10 ಮೈಕ್ರೊಫ್ಯಾರಡ್ ಅಂತಿತ್ತು, ಮೀಟರಿನಲ್ಲಿ ಬಂದಿದ್ದು 6.2. ಸಂಜೆ ಅಲ್ಲಿ ವೋಲ್ಟೇಜ್ 185ಕ್ಕೆ ಇಳಿಯುತ್ತಿತ್ತು. ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ 230ರಲ್ಲಿ ಇದ್ದ ಬಲದ ಸುಮಾರು 65 ಪರ್ಸೆಂಟ್ ಮಾತ್ರ ಉಳಿಯುತ್ತದೆ. ಬೆಳಗ್ಗೆ ಸೊರಗಿದ ಕೆಪಾಸಿಟರ್ ಹೇಗೋ ಸಾಲುತ್ತಿತ್ತು, ಸಂಜೆ ಸಾಲಲಿಲ್ಲ. ಹೊಸದು ಹಾಕಿದ ಮೇಲೆ ಎರಡೂ ಹೊತ್ತು ಹೊರಟಿತು. ಬರೆದಿರುವುದಕ್ಕಿಂತ ಹತ್ತು ಪರ್ಸೆಂಟಿಗೂ ಹೆಚ್ಚು ಇಳಿದಿದ್ದರೆ ನಾನು ಬದಲಿಸಿಬಿಡುತ್ತೇನೆ.

ಹೊಸದು ತರುವಾಗ ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ 440 ಅಥವಾ ಹಳೆಯದರ ಮೇಲೆ ಇದ್ದಷ್ಟು ಇರಲಿ. ಜೋರಾಗಿ ಹೊರಡಲಿ ಅಂತ ದೊಡ್ಡದು ಹಾಕಿಸಿಕೊಳ್ಳಬೇಡಿ. ನಿಮ್ಮ ಮೋಟಾರಿನಲ್ಲಿ ಕೆಪಾಸಿಟರ್ ಓಡುವಷ್ಟು ಹೊತ್ತೂ ಸರ್ಕಿಟ್‌ನಲ್ಲೇ ಇರುತ್ತದೆ, ಮೌಲ್ಯ ಹೆಚ್ಚಾದರೆ ಸ್ಟಾರ್ಟಿಂಗ್ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಸ್ಟಾರ್ಟಿಂಗ್‌ಗೆಂದೇ ಬರುವ 100 ಮೈಕ್ರೊಫ್ಯಾರಡಿನಂಥ ಕಪ್ಪು ಕೆಪಾಸಿಟರ್ ಇಲ್ಲಿಗೆ ಬೇಡವೇ ಬೇಡ, ಅದು ಕೆಲವು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು.

ಕೆಪಾಸಿಟರ್ ಸರಿ ಇದ್ದರೆ ಕಾಯಿಲ್. ಪ್ಲಗ್ ಕಿತ್ತೇ ಇರಲಿ. ಕೆಪಾಸಿಟರಿಂದ ಬಿಚ್ಚಿದ ಆ ಎರಡು ವೈರಿನ ನಡುವೆಯೇ ಓಮ್ಸ್ ಅಳೆಯಿರಿ. ಎರಡೂ ಕಾಯಿಲ್ ಆಗ ಸರಣಿಯಲ್ಲಿ ಸಿಗುತ್ತವೆ, ಹತ್ತಾರು ಓಮ್ಸ್ ಬಂದರೆ ಎಲ್ಲೂ ತುಂಡಾಗಿಲ್ಲ. ಏನೂ ತೋರಿಸದಿದ್ದರೆ ಒಂದು ತುಂಡಾಗಿದೆ. ನಿಮ್ಮದು ತಳ್ಳಿದಾಗ ಓಡುವುದರಿಂದ ಅದು ಸ್ಟಾರ್ಟಿಂಗ್ ಕಾಯಿಲೇ, ಇಲ್ಲವೇ ಅದರ ಜಾಯಿಂಟು. ರೀವೈಂಡಿಂಗ್ ಮಾತು ಬರುವುದು ಆಗ. ತುಂಡಾಗದೆ ಒಳಗೇ ಶಾರ್ಟ್ ಆದ ಕಾಯಿಲ್ ಮಾತ್ರ ಈ ಅಳತೆಗೆ ಸಿಗದಿರಬಹುದು. ಸುಟ್ಟ ವಾಸನೆ ಇದ್ದರೆ, ಫ್ಯೂಸ್ ಹಾರುತ್ತಿದ್ದರೆ ಅಂಗಡಿಗೆ ಒಯ್ಯಿರಿ.

ಇಷ್ಟೆಲ್ಲ ಸರಿ ಇದ್ದೂ ಗುಂಯ್ ಅಂದರೆ, ಬಲ್ಲವರಿಂದ ಮೋಟಾರಿನ ಟರ್ಮಿನಲ್‌ನಲ್ಲೇ ವೋಲ್ಟೇಜ್ ನೋಡಿಸಿ, ಸ್ವಿಚ್ ಹಾಕಿದ ಎರಡು ಸೆಕೆಂಡ್ ಸಾಕು. ಮನೆಯ ಬೋರ್ಡಿನಲ್ಲಿ 225 ಇದ್ದು ಅಲ್ಲಿ 170 ಬಂದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಅಥವಾ ನ್ಯೂಟ್ರಲ್ ಎಲ್ಲೋ ಸಡಿಲವಾಗಿರುತ್ತದೆ.