ಸಂಪಾದಕರ ಉತ್ತರ: ಆಡಿಟರ್ ‘ತಪ್ಪು’ ಅಂತ ಬರೆದಿಲ್ಲ, ಹಾಗಾದರೆ ಲೆಕ್ಕ ಸರಿ ಇದೆಯಾ?

*“ಕಲಬುರಗಿಯ ನಮ್ಮ ಮನೆತನದ ದಾಲ್ ಮಿಲ್ ಈಗ ಪ್ರೈವೇಟ್ ಲಿಮಿಟೆಡ್ ಕಂಪನಿ. ಕಾಕಾನ ಮಗ ಅಣ್ಣ ನಡೆಸುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಕಾಲು ಭಾಗ ಷೇರು ನನ್ನ ಹೆಸರಿಗೆ ಬಂದಿದೆ. ಹೋದ ವರ್ಷ ಆಡಿಟ್ ವರದಿಯಲ್ಲಿ ‘ಕ್ವಾಲಿಫೈಡ್’ ಎಂದಿತ್ತು. ಹುಳ ಹಿಡಿದ 400 ಕ್ವಿಂಟಲ್ ತೊಗರಿಯ ಬೆಲೆ ಇಳಿಸಿಲ್ಲ ಅಂತ ಕಾರಣ. ಏಪ್ರಿಲ್‌ನಲ್ಲಿ ಆ ಆಡಿಟರ್ ಬಿಟ್ಟರು. ಜೂನ್ ಕೊನೆಗೆ ಬಂದ ಹೊಸಬರು ‘ಡಿಸ್‌ಕ್ಲೇಮರ್’ ಕೊಟ್ಟಿದ್ದಾರೆ. ಲೆಕ್ಕದಲ್ಲಿ 6,000 ಕ್ವಿಂಟಲ್ ತೊಗರಿ, ಅದಕ್ಕೆ 5.40 ಕೋಟಿ ರೂಪಾಯಿ. ಒಟ್ಟು ಆಸ್ತಿ 9 ಕೋಟಿ, ಲಾಭ 60 ಲಕ್ಷ. ‘ತಪ್ಪು ಅಂತ ಎಲ್ಲೂ ಬರೆದಿಲ್ಲ, ಅಡ್ವರ್ಸ್ ಬಂದಿದ್ದರೆ ಹೆದರಬೇಕಿತ್ತು, ಇದು ಅದಕ್ಕಿಂತ ಹಗುರ’ ಅನ್ನುತ್ತಾನೆ ಅಣ್ಣ. ನಿಜವಾ?”*
*— ಒಬ್ಬ ಓದುಗರು, ಕಲಬುರಗಿ*

ನಿಜ ಅಲ್ಲ. ಅಣ್ಣನವರು ಬೇಕಂತಲೇ ಹಾಗೆ ಹೇಳುತ್ತಿದ್ದಾರೆ ಎಂದು ನಾನು ಅನ್ನುವುದಿಲ್ಲ. ಗಂಜ್‌ನಲ್ಲಿ ಬಹಳ ಜನ ಹೀಗೇ ತಿಳಿದುಕೊಂಡಿದ್ದಾರೆ. ಅನ್‌ಮಾಡಿಫೈಡ್ ಅಂದರೆ ಫಸ್ಟ್ ಕ್ಲಾಸ್, ಕ್ವಾಲಿಫೈಡ್ ಅಂದರೆ ಸೆಕೆಂಡ್ ಕ್ಲಾಸ್, ಡಿಸ್‌ಕ್ಲೇಮರ್ ಅಂದರೆ ಜಸ್ಟ್ ಪಾಸ್, ಅಡ್ವರ್ಸ್ ಅಂದರೆ ಫೇಲ್. ಆಡಿಟರ್‌ಗಳ ನಿಯಮ ಇಂಥ ಮೆಟ್ಟಿಲು ಹಾಕಿಲ್ಲ.

ಆಡಿಟರ್ ಎರಡು ವಿಷಯ ನೋಡುತ್ತಾರೆ. ಒಂದು, ಬೇಕಾದಷ್ಟು ಸಾಕ್ಷ್ಯ ಸಿಕ್ಕಿತಾ? ಇನ್ನೊಂದು, ತೊಂದರೆ ಒಂದು ಮೂಲೆಯಲ್ಲಿದೆಯಾ, ಇಡೀ ಲೆಕ್ಕಕ್ಕೆ ಹರಡಿದೆಯಾ? ಎಸ್‌ಎ 705 ಎಂಬ ಮಾನದಂಡದ ತಿರುಳು ಇಷ್ಟೇ. ಸಾಕ್ಷ್ಯ ಸಿಕ್ಕು, ದೊಡ್ಡ ತಪ್ಪು ಇಲ್ಲದಿದ್ದರೆ ಅನ್‌ಮಾಡಿಫೈಡ್. ಸಾಕ್ಷ್ಯ ಸಿಕ್ಕು, ತಪ್ಪು ದೊಡ್ಡದೇ ಆದರೂ ಒಂದು ಕಡೆಗೆ ಸೀಮಿತವಾಗಿದ್ದರೆ ಕ್ವಾಲಿಫೈಡ್. ಸಾಕ್ಷ್ಯ ಸಿಕ್ಕು, ತಪ್ಪು ಹರಡಿದ್ದರೆ ಅಡ್ವರ್ಸ್. ಸಾಕ್ಷ್ಯವೇ ಸಿಗದೆ, ಅದರ ಪರಿಣಾಮ ಹರಡಿರಬಹುದು ಎನಿಸಿದರೆ ಡಿಸ್‌ಕ್ಲೇಮರ್. ಸಾಕ್ಷ್ಯ ಸಿಗದ ಭಾಗ ಸೀಮಿತವಾಗಿದ್ದರೆ ಅದಕ್ಕೂ ಕ್ವಾಲಿಫೈಡ್ ಸಾಕು.

ನಿಮ್ಮ ತೊಗರಿಯನ್ನೇ ಇಟ್ಟುಕೊಂಡು ನೋಡೋಣ. ನಮ್ಮ ಕಡೆ ತೊಗರಿ ರಾಶಿ ಆಗುವುದು ಡಿಸೆಂಬರ್‌ನಿಂದ. ಜನವರಿ, ಫೆಬ್ರವರಿಯಲ್ಲಿ ಮಿಲ್‌ನವರು ಖರೀದಿ ಮಾಡಿ ಗೋದಾಮು ತುಂಬುತ್ತಾರೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಅಂದರೆ ಗೋದಾಮು ತುಂಬಿರುವ ಹೊತ್ತಿಗೇ. ಹಾಗಾಗಿ ದಾಲ್ ಮಿಲ್‌ನ ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನು ಅಂದರೆ ಹೆಚ್ಚುಕಡಿಮೆ ಕಂಪನಿಯೇ. ನಿಮ್ಮಲ್ಲಿ 9 ಕೋಟಿಯಲ್ಲಿ 5.40 ಕೋಟಿ, ನೂರಕ್ಕೆ ಅರವತ್ತು.

ಹೋದ ವರ್ಷದ್ದನ್ನು ಮೊದಲು ತೆಗೆದುಕೊಳ್ಳಿ. 400 ಕ್ವಿಂಟಲ್‌ಗೆ ಹುಳ ಹಿಡಿದಿತ್ತು. ಕ್ವಿಂಟಲ್‌ಗೆ 9,000 ರೂಪಾಯಿಯ ಖರೀದಿ ಬೆಲೆಯಲ್ಲೇ ಅದನ್ನು ತೋರಿಸಿದ್ದರು, ದನದ ಮೇವಿಗೆ ಮಾರಿದರೆ 3,000 ಬರುತ್ತಿತ್ತು ಎಂದಿಟ್ಟುಕೊಳ್ಳಿ. ದಾಸ್ತಾನನ್ನು ಖರೀದಿ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಅಂದರೆ 24 ಲಕ್ಷ ಜಾಸ್ತಿ ತೋರಿಸಿದ ಹಾಗಾಯಿತು. ಹೋದ ವರ್ಷದ ಲಾಭವೂ 60 ಲಕ್ಷದ ಆಸುಪಾಸು ಎಂದಿಟ್ಟುಕೊಂಡರೆ, ಅದರ ಮುಂದೆ 24 ಲಕ್ಷ ಸಣ್ಣದಲ್ಲ. ಎಷ್ಟು ಮೊತ್ತದಿಂದ ‘ದೊಡ್ಡದು’ ಎಂದು ಮಾನದಂಡ ಹೇಳುವುದಿಲ್ಲ. ತೆರಿಗೆಗೆ ಮುಂಚಿನ ಲಾಭದ ನೂರಕ್ಕೆ ಐದರಿಂದ ಲೆಕ್ಕ ಶುರು ಮಾಡುವುದು ಆಡಿಟ್ ಕಚೇರಿಗಳ ರೂಢಿ. ಆದರೆ ಈ ತಪ್ಪು ಒಂದೇ ಲಾಟಿನದು. ಎಷ್ಟು ಎಂದು ಎಣಿಸಿ ಬರೆಯಬಹುದು. ಓದುವವರು ಆ 24 ಲಕ್ಷ ಕಳೆದುಕೊಂಡು ಉಳಿದ ಲೆಕ್ಕವನ್ನು ನಂಬಬಹುದು. ಅದಕ್ಕೇ ಆಡಿಟರ್ ‘ಇದೊಂದನ್ನು ಬಿಟ್ಟರೆ ಉಳಿದದ್ದು ಸರಿಯಾದ ಚಿತ್ರ ಕೊಡುತ್ತದೆ’ ಎಂದು ಬರೆದರು. ನಿಮ್ಮ ಅಣ್ಣ ಆಗಲೇ ಆ ಬೆಲೆ ಇಳಿಸಿದ್ದರೆ ಅದೇ ಆಡಿಟರ್ ಅನ್‌ಮಾಡಿಫೈಡ್ ಕೊಡುತ್ತಿದ್ದರು. ಅಭಿಪ್ರಾಯ ಕೊಡುವುದು ಸಹಿ ಬಿದ್ದ ಕೊನೆಯ ಲೆಕ್ಕದ ಮೇಲೆ. ನಡುವೆ ಎಷ್ಟು ತಪ್ಪು ಸಿಕ್ಕಿ ತಿದ್ದಿದರು ಅನ್ನುವುದರ ಮೇಲಲ್ಲ.

ಈಗ ಅಣ್ಣ ಹೆದರುವ ಅಡ್ವರ್ಸ್ ಯಾವಾಗ ಬರುತ್ತಿತ್ತು ನೋಡಿ. ಆಡಿಟರ್ ಎಣಿಕೆಗೆ ಬಂದಿದ್ದರು, 6,000 ಕ್ವಿಂಟಲ್ ಪೂರಾ ಇತ್ತು ಎಂದುಕೊಳ್ಳಿ. ಆದರೆ ಬೇಳೆಯ ದರ ಬಿದ್ದು, ಬೇಳೆ ಮಾಡಿ ಮಾರಿದರೂ ತೊಗರಿಗೆ ಕ್ವಿಂಟಲ್‌ಗೆ 7,600ಕ್ಕಿಂತ ಜಾಸ್ತಿ ಗಿಟ್ಟುವುದಿಲ್ಲ. (ಗಂಜ್‌ನಲ್ಲಿ ತೊಗರಿ ದರ ಇಳಿಯಿತು ಅನ್ನುವಷ್ಟಕ್ಕೇ ಕಚ್ಚಾ ಮಾಲಿನ ಬೆಲೆ ಇಳಿಸಬೇಕಿಲ್ಲ. ಅದರಿಂದ ಆಗುವ ಬೇಳೆ ಅಸಲು ಗಿಟ್ಟದೆ ಹೋದರೆ ಮಾತ್ರ ಇಳಿಸಬೇಕು. ಇದನ್ನು ಮರೆತು ಜಗಳ ಮಾಡುವವರು ಬಹಳ.) ಕ್ವಿಂಟಲ್‌ಗೆ 1,400ರಂತೆ 84 ಲಕ್ಷ ಜಾಸ್ತಿ. 60 ಲಕ್ಷ ಲಾಭ ಅಲ್ಲ, 24 ಲಕ್ಷ ನಷ್ಟ. ತಪ್ಪು ಒಂದೇ ಸಾಲಿನಲ್ಲಿದ್ದರೂ ಆ ಸಾಲೇ ಆಸ್ತಿಯ ಅರ್ಧಕ್ಕಿಂತ ದೊಡ್ಡದು, ಲಾಭ ನಷ್ಟವಾಗಿ ತಿರುಗಿದೆ. ‘ಇದೊಂದನ್ನು ಬಿಟ್ಟರೆ’ ಅಂದರೆ ಉಳಿಯುವುದೇನು? ಅಣ್ಣ ತಿದ್ದಲು ಒಪ್ಪದಿದ್ದರೆ ಆಡಿಟರ್ ‘ಈ ಲೆಕ್ಕ ಸರಿಯಾದ ಚಿತ್ರ ಕೊಡುವುದಿಲ್ಲ’ ಎಂದೇ ಬರೆಯಬೇಕಾಗಬಹುದು. ಬಹುದು ಅನ್ನುತ್ತೇನೆ, ಯಾಕೆಂದರೆ ಹರಡಿದೆಯಾ ಇಲ್ಲವಾ ಅನ್ನುವುದು ಕೊನೆಗೂ ಆಡಿಟರ್ ತೀರ್ಮಾನ.

ಗಮನಿಸಿ, ಹಾಗೆ ಬರೆಯಲು ಆಡಿಟರ್ ಕೈಯಲ್ಲಿ ಪುರಾವೆ ಇರಬೇಕು. ತೊಗರಿ ಎಷ್ಟಿದೆ, ಬೆಲೆ ಎಷ್ಟು, ತಪ್ಪು ಎಷ್ಟು, ಎಲ್ಲ ಗೊತ್ತಿದ್ದಾಗಲೇ ಅಡ್ವರ್ಸ್. ಈ ವರ್ಷ ನಿಮ್ಮ ಆಡಿಟರ್‌ಗೆ ಅದೇ ಸಿಗಲಿಲ್ಲ. ಜೂನ್ ಕೊನೆಗೆ ಬಂದವರು ಮಾರ್ಚ್ 31ರ ದಾಸ್ತಾನು ಎಣಿಕೆ ನೋಡಿರಲು ಸಾಧ್ಯವಿಲ್ಲ. ಅವರು ‘ತಪ್ಪು’ ಅಂತ ಬರೆಯದಿದ್ದದ್ದು ಲೆಕ್ಕ ಸರಿ ಇದೆ ಅಂತಲ್ಲ. ತಪ್ಪೋ ಸರಿಯೋ ಹೇಳುವಷ್ಟು ತಮಗೆ ಏನೂ ಸಿಕ್ಕಿಲ್ಲ ಅಂತ. ಅಡ್ವರ್ಸ್ ವರದಿ ಓದಿದವರಿಗೆ ತಪ್ಪು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ನಿಮಗೆ ಅದೂ ಸಿಕ್ಕಿಲ್ಲ. 6,000 ಕ್ವಿಂಟಲ್ ಇರಬಹುದು, 4,000 ಇರಬಹುದು.

‘ಜೂನ್‌ನಲ್ಲಿ ಬಂದವರು ಜೂನ್‌ನಲ್ಲೇ ಎಣಿಸಿ ಹಿಂದಕ್ಕೆ ಲೆಕ್ಕ ಹಾಕಬಹುದಿತ್ತಲ್ವಾ?’ ಎಂದು ನೀವು ಕೇಳಬಹುದು. ಮಾನದಂಡವೂ ಅದನ್ನೇ ಹೇಳುತ್ತದೆ: ವರ್ಷದ ಕೊನೆಯ ದಿನ ಹಾಜರಿರಲು ಆಗದಿದ್ದರೆ ಬೇರೆ ದಿನ ಎಣಿಸಿ, ನಡುವಿನ ವ್ಯವಹಾರ ಪರೀಕ್ಷಿಸಿ ಎಂದು. ಬರೀ ಅಡತಿ ಅಂಗಡಿಯಾಗಿದ್ದರೆ ಇದು ಸುಲಭ. ಎಣಿಸಿದ ಮಾಲಿಗೆ ಮಾರಿದ್ದನ್ನು ಕೂಡಿಸಿ, ಕೊಂಡದ್ದನ್ನು ಕಳೆದರೆ ಮುಗಿಯಿತು. ಮಿಲ್‌ನಲ್ಲಿ ಹಾಗಲ್ಲ. ಒಳಗೆ ಹೋಗುವುದು ತೊಗರಿ, ಹೊರಗೆ ಬರುವುದು ಬೇಳೆ, ನುಚ್ಚು, ಹೊಟ್ಟು. ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ನೀವು 3,600 ಕ್ವಿಂಟಲ್ ಬೇಳೆ ಮಾರಿದ್ದರೆ, 75 ಕಿಲೋ ಲೆಕ್ಕದಲ್ಲಿ 4,800 ಕ್ವಿಂಟಲ್ ತೊಗರಿ ಒಡೆದಿರಬೇಕು. 70 ಕಿಲೋ ಲೆಕ್ಕದಲ್ಲಿ 5,140ರಷ್ಟು. ವ್ಯತ್ಯಾಸ ಸುಮಾರು 340 ಕ್ವಿಂಟಲ್, 30 ಲಕ್ಷಕ್ಕೂ ಜಾಸ್ತಿ, ನಿಮ್ಮ ಲಾಭದ ಅರ್ಧ. ದಿನದಿನದ ಉತ್ಪಾದನೆ ರಿಜಿಸ್ಟರ್ ಇದ್ದರೆ ನಿಜವಾದ ಇಳುವರಿ ಗೊತ್ತಾಗುತ್ತದೆ. ಅದಿಲ್ಲದೆ ಹಿಂದಕ್ಕೆ ಹೋದರೆ ಊಹೆಯೇ ಹೊರತು ಲೆಕ್ಕವಲ್ಲ. ನಿಮ್ಮ ವರದಿಯಲ್ಲಿ ‘ಡಿಸ್‌ಕ್ಲೇಮರ್‌ಗೆ ಆಧಾರ’ ಎಂಬ ತಲೆಬರಹದ ಕೆಳಗೆ ಈ ರಿಜಿಸ್ಟರ್ ಮಾತು ಬಂದಿದೆಯಾ ನೋಡಿ.

ಅಲ್ಲೇ ಇನ್ನೊಂದನ್ನೂ ಹುಡುಕಿ. ಡಿಸ್‌ಕ್ಲೇಮರ್ ಕೊಟ್ಟರೂ ತಮಗೆ ಗೊತ್ತಾದ ಬೇರೆ ದೊಡ್ಡ ತಪ್ಪುಗಳನ್ನು ಆಡಿಟರ್ ಅಲ್ಲೇ ವಿವರಿಸಬೇಕು. ಆ 400 ಕ್ವಿಂಟಲ್ ಹುಳದ ತೊಗರಿ ಇನ್ನೂ ಗೋದಾಮಿನಲ್ಲೇ ಇದ್ದರೆ ಅದು ಕಾಣಬೇಕು. ಹಾಗೆಯೇ, ಎಣಿಕೆ ಯಾಕೆ ಆಗಲಿಲ್ಲ ಎಂಬ ಕಾರಣವನ್ನೂ ಓದಿ. ನೇಮಕ ತಡವಾಗಿದ್ದು ಒಂದು ಬಗೆ. ನಿಮ್ಮ ಅಣ್ಣನೇ ಗೋದಾಮು ತೋರಿಸಲು ಒಪ್ಪದೆ ಇದ್ದದ್ದು ಬೇರೆ ಬಗೆ. ಎರಡನೆಯದಾದರೆ, ಅಡ್ಡಿ ತೆಗೆಯಿರಿ ಎಂದು ಆಡಿಟರ್ ಮೊದಲು ಕೇಳಬೇಕು. ಕೇಳಿದರೂ ಆಗದೆ, ಪರಿಣಾಮ ಹರಡಿರಬಹುದು ಎನಿಸಿದರೆ, ಸಾಧ್ಯವಿದ್ದಲ್ಲಿ ಕೆಲಸವನ್ನೇ ಬಿಡಬೇಕು, ಬಿಡಲು ಆಗದಿದ್ದರೆ ಡಿಸ್‌ಕ್ಲೇಮರ್. ಹಳೆಯ ಆಡಿಟರ್ ಏಪ್ರಿಲ್‌ನಲ್ಲಿ ಬಿಟ್ಟಿದ್ದು ಯಾಕೆ ಎಂದು ನನಗೆ ಕುತೂಹಲ. ರಾಜೀನಾಮೆ ಕೊಟ್ಟ ಆಡಿಟರ್ 30 ದಿನದೊಳಗೆ ಎಡಿಟಿ-3 ಎಂಬ ಫಾರಂನಲ್ಲಿ ಕಾರಣ ಬರೆದು ಕಂಪನಿಗೂ ರಿಜಿಸ್ಟ್ರಾರ್‌ಗೂ ಕೊಡಬೇಕು. ಅದರ ಪ್ರತಿ ಕೇಳಿ.

ಬ್ಯಾಂಕಿನ ವಿಷಯವೂ ಇದೆ. ಕ್ಯಾಶ್ ಕ್ರೆಡಿಟ್ ಇದ್ದರೆ ಮಾರ್ಚ್‌ನ ಸ್ಟಾಕ್ ಸ್ಟೇಟ್‌ಮೆಂಟ್ ಬ್ಯಾಂಕಿಗೆ ಹೋಗಿರುತ್ತದೆ. ಅದರಲ್ಲಿ ಎಷ್ಟು ಕ್ವಿಂಟಲ್ ತೋರಿಸಿದ್ದಾರೆ ಕೇಳಿ. ನಿಮ್ಮದು ಕಂಪನಿ ಕಾಯ್ದೆಯ ಪ್ರಕಾರ ‘ಸಣ್ಣ ಕಂಪನಿ’ ಅಲ್ಲದಿದ್ದು, ಬ್ಯಾಂಕ್ ಸಾಲ ವರ್ಷದಲ್ಲಿ ಯಾವಾಗಲಾದರೂ 1 ಕೋಟಿ ದಾಟಿದ್ದರೆ, ಆಡಿಟ್ ವರದಿಯಲ್ಲಿ ಏನೇನು ಹೇಳಬೇಕು ಎಂಬ ಕ್ಯಾರೋ 2020 ಆದೇಶ ಅನ್ವಯಿಸುತ್ತದೆ, ವರದಿಗೆ ಅದರ ಅನುಬಂಧ ಇರುತ್ತದೆ. ದಾಸ್ತಾನು ಎಣಿಸಿದ್ದರ ಬಗ್ಗೆ ಅದರ ಎರಡನೇ ಅಂಶದಲ್ಲೇ ಆಡಿಟರ್ ಹೇಳಬೇಕು. ದಾಸ್ತಾನು, ಬಾಕಿಗಳ ಆಧಾರದ ಮೇಲೆ ಮಂಜೂರಾದ ಮಿತಿ 5 ಕೋಟಿ ದಾಟಿದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕ ಪುಸ್ತಕಕ್ಕೆ ಹೊಂದುತ್ತದಾ ಎಂದೂ ಹೇಳಬೇಕು. ಜನ ಮುಖ್ಯ ವರದಿ ಓದಿ ಅನುಬಂಧ ಮಡಚಿಡುತ್ತಾರೆ. ನನ್ನ ಅನುಭವದಲ್ಲಿ ವಿಷಯ ಇರುವುದು ಅಲ್ಲಿ.

ಕಾಲು ಭಾಗದ ಷೇರುದಾರರಾಗಿ ನೀವು ಸುಮ್ನೆ ಕೂರಬೇಕಿಲ್ಲ. ಇಂಥ ಪ್ರತಿ ಷರಾಕ್ಕೂ ನಿರ್ದೇಶಕ ಮಂಡಳಿ ತನ್ನ ವರದಿಯಲ್ಲಿ ವಿವರಣೆ ಕೊಡಲೇಬೇಕು. ಇದು 2013ರ ಕಂಪನಿ ಕಾಯ್ದೆಯ 134ನೇ ಕಲಮು. ‘ಆಡಿಟರ್ ಮಾತು ತಾನೇ ಸ್ಪಷ್ಟವಾಗಿದೆ, ವಿವರಣೆ ಬೇಕಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಚಾಳಿ ಇದೆ, ಅದನ್ನು ಒಪ್ಪಬೇಡಿ. ವಾರ್ಷಿಕ ಸಭೆಯಲ್ಲಿ ಅಣ್ಣನನ್ನು ಮೂರು ಕೇಳಿ: ಮಾರ್ಚ್ 31ಕ್ಕೆ ಎಣಿಸಿದವರು ಯಾರು, ಎಣಿಕೆ ಹಾಳೆ ಎಲ್ಲಿ, ಉತ್ಪಾದನೆ ರಿಜಿಸ್ಟರ್ ಎಲ್ಲಿ.

ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಮುಂದಿನ ಮಾರ್ಚ್‌ನಲ್ಲಿ ಆಡಿಟರ್ ಗೋದಾಮಿಗೆ ಬಂದು ಚೀಲ ಎಣಿಸಿ, ಎಲ್ಲ ಸರಿ ಇದ್ದರೂ ಪೂರ್ತಿ ಅನ್‌ಮಾಡಿಫೈಡ್ ಸಿಗುತ್ತದೆ ಎಂದುಕೊಳ್ಳಬೇಡಿ. ಈ ವರ್ಷದ ಕೊನೆಯ ದಾಸ್ತಾನೇ ಮುಂದಿನ ವರ್ಷದ ಆರಂಭದ ದಾಸ್ತಾನು. ಅದು ಎಷ್ಟಿತ್ತು ಎಂದು ಗೊತ್ತಿಲ್ಲದಿದ್ದರೆ ಮುಂದಿನ ವರ್ಷದ ಲಾಭವೂ ಗೊತ್ತಾಗುವುದಿಲ್ಲ. ಈಗ 50 ಲಕ್ಷ ಜಾಸ್ತಿ ತೋರಿಸಿದ್ದರೆ ಆಗ ಅಷ್ಟೇ ಲಾಭ ಕಡಿಮೆ ಕಾಣುತ್ತದೆ. ಇಂಥಲ್ಲಿ ಆಡಿಟರ್ ಅಭಿಪ್ರಾಯ ಒಡೆದು ಕೊಡಬಹುದು: ಬ್ಯಾಲೆನ್ಸ್ ಶೀಟಿಗೆ ಅನ್‌ಮಾಡಿಫೈಡ್, ಲಾಭ ನಷ್ಟದ ಪಟ್ಟಿಗೆ ಕ್ವಾಲಿಫೈಡ್ ಅಥವಾ ಡಿಸ್‌ಕ್ಲೇಮರ್. ಪೂರ್ತಿ ಶುದ್ಧ ವರದಿ ಸಿಗಲು ಎರಡು ಮಾರ್ಚ್ ಎಣಿಕೆ ಸರಿಯಾಗಿ ಆಗಬೇಕು. ಮೊದಲನೆಯದು ಬರುವ ಮಾರ್ಚ್‌ನಲ್ಲೇ ಆಗಲಿ ಎಂದು ಈ ಸಭೆಯಲ್ಲೇ ಬರೆಸಿಕೊಳ್ಳಿ.