ಎಂಬಿಎ ಫೀಸು 3 ಲಕ್ಷ, ಆದರೆ ಖರ್ಚು ಎಷ್ಟು?

"ದಾವಣಗೆರೆಯಲ್ಲಿ ಬಿಕಾಂ ಈಗಷ್ಟೇ ಮುಗಿಸಿದ್ದೇನೆ, 21 ವರ್ಷ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಸಿಟಿಸಿ 3 ಲಕ್ಷ. ಪಿಜಿಸಿಇಟಿ ರ‍್ಯಾಂಕ್ ಮೇಲೆ ಊರಿನಲ್ಲೇ ಎಂಬಿಎ ಸೀಟೂ ಸಿಗುವಂತಿದೆ, ಎರಡು ವರ್ಷಕ್ಕೆ ಫೀಸು 3 ಲಕ್ಷ. 'ಎಫ್‌ಡಿ ಸುಮ್ಮನೆ ಬಿದ್ದಿದೆ, ಫೀಸು ನಾನು ಕಟ್ತೀನಿ, ಮನೇಲೇ ಇದ್ದು ಓದು, ನಿನಗೇನು ಖರ್ಚು?' ಅಂತಾರೆ ಅಪ್ಪ. ಕೋಚಿಂಗ್‌ಗೆ ಕೊಟ್ಟ 12 ಸಾವಿರ ದಂಡ ಆಗಬಾರದು ಅಂತ ಅಮ್ಮ. ಓದಲು ಹೋದರೆ ಕೆಲಸವೂ ಹೋಯಿತು, ಬ್ಯಾಂಕ್ ಪರೀಕ್ಷೆಗೆ ಕೂರುವುದೂ ಹೋಯಿತು ಅನ್ನಿಸಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ ಮೇಡಂ?"
— ಓದುಗ ಯುವತಿ, ದಾವಣಗೆರೆ

ನಿಮ್ಮ ತಂದೆಯ ಪ್ರೀತಿಯಲ್ಲಿ ಕೊರತೆಯಿಲ್ಲ, ಅವರ ಲೆಕ್ಕದಲ್ಲಿ ಮಾತ್ರ ಒಂದು ಸಾಲು ಬಿಟ್ಟುಹೋಗಿದೆ. ಪಿಯುಸಿ ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಎಂದು ಓದಿದ್ದು ನಿಮಗೆ ನೆನಪಿರಬಹುದು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ ಬೇರೆ ದಾರಿಗಳ ಪೈಕಿ ಯಾವುದು ಎಲ್ಲಕ್ಕಿಂತ ಒಳ್ಳೆಯದೋ ಅದರ ಬೆಲೆಯೇ ಅವಕಾಶ ವೆಚ್ಚ. ಕೈಯಿಂದ ಕೊಡುವ ದುಡ್ಡಲ್ಲವಾದ್ದರಿಂದ ಇದಕ್ಕೆ ರಸೀದಿ ಇರುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

'ಎಲ್ಲಕ್ಕಿಂತ ಒಳ್ಳೆಯದು' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲಸವೂ ಹೋಯಿತು, ಬ್ಯಾಂಕ್ ಪರೀಕ್ಷೆಯೂ ಹೋಯಿತು ಎಂದು ಎರಡನ್ನೂ ಕೂಡಿಸಿ ನೀವು ಕೊರಗುತ್ತಿದ್ದೀರಿ. ಎಂಬಿಎ ಬಿಟ್ಟಿದ್ದರೂ ನೀವು ಪೂರ್ತಿ ಹೊತ್ತು ಕೆಲಸ, ಪೂರ್ತಿ ಹೊತ್ತು ತಯಾರಿ ಎರಡನ್ನೂ ಮಾಡುತ್ತಿರಲಿಲ್ಲವಲ್ಲ? ಕಳೆದುಹೋಗುವುದು ಒಂದೇ. ಅಲ್ಲದೆ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೇ 28 ವರ್ಷದವರೆಗೆ, ಪಿಒಗೆ 30ರವರೆಗೆ ಅವಕಾಶವಿದೆ. ಆ ಬಾಗಿಲು ಈ ವರ್ಷವೇ ಮುಚ್ಚುವುದಿಲ್ಲ. ಹಾಗಾಗಿ ಎಂಬಿಎ ಪಕ್ಕದಲ್ಲಿಟ್ಟು ತೂಗಬೇಕಾದದ್ದು ಕೈಯಲ್ಲಿರುವ ಕೆಲಸವನ್ನು ಮಾತ್ರ.

ಆ ಕೆಲಸದ ಬೆಲೆ ಎಷ್ಟು? ಇಲ್ಲಿ ಬಹಳ ಜನ ಸಿಟಿಸಿಯನ್ನೇ ಹಿಡಿದು, ಎರಡು ವರ್ಷಕ್ಕೆ 6 ಲಕ್ಷ ಹೋಯಿತು ಎನ್ನುತ್ತಾರೆ. ಅದು ತಪ್ಪು. ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ಸಂಬಳದ ಪಟ್ಟಿ ಇರುತ್ತದೆ, ತೆಗೆದು ನೋಡಿ. ತಿಂಗಳಿಗೆ 25,000 ಸಿಟಿಸಿಯಲ್ಲಿ ಬೇಸಿಕ್ 13,000 ಎಂದಿಟ್ಟುಕೊಳ್ಳೋಣ. ಅದರ ಶೇ. 12ರಷ್ಟು, ಅಂದರೆ 1,560 ರೂ. ಕಂಪನಿಯ ಪಾಲಿನ ಪಿಎಫ್; ನಿಮ್ಮ ಪಾಲೂ ಅಷ್ಟೇ. ಗ್ರಾಚ್ಯುಟಿ ಹೆಸರಿನಲ್ಲಿ ಇನ್ನೊಂದು 625 ರೂ. ಸೇರಿಸಿರುತ್ತಾರೆ. ಇವೆಲ್ಲ ಕಳೆದರೆ ಕೈಗೆ ಬರುವುದು ಸುಮಾರು 21,250. ನಿಮ್ಮ ಪಟ್ಟಿಯಲ್ಲಿ ಬೇಸಿಕ್ ಬೇರೆ ಇದ್ದರೆ ಈ ಅಂಕಿಗಳನ್ನು ತಿದ್ದಿಕೊಳ್ಳಿ.

ಈ 21,250 ಕೂಡ ಪೂರ್ತಿ ನಷ್ಟವಲ್ಲ. ಕೆಲಸಕ್ಕೆ ಸೇರಿದರೆ ಮಾತ್ರ ಬರುವ ಖರ್ಚುಗಳಿವೆ: ಊಟ ಸೇರಿ ಪಿಜಿ ಬಾಡಿಗೆ, ಬಸ್ಸು-ಮೆಟ್ರೊ, ಊರಿಗೆ ಬಂದುಹೋಗುವ ಖರ್ಚು. ಎಲ್ಲ ಸೇರಿ ತಿಂಗಳಿಗೆ 13,250 ಎನ್ನೋಣ. ಉಳಿಯಿತು 8,000. ಇದಕ್ಕೆ ಒಂದು ಸೇರಿಸಬೇಕು. ಮನೆಯಲ್ಲಿದ್ದು ಓದಿದರೂ ನೀವು ಊಟ ಮಾಡುತ್ತೀರಿ. ನಿಮ್ಮ ಪಾಲಿನ ಅಕ್ಕಿ-ಬೇಳೆ, ಹಾಲು, ಗ್ಯಾಸ್ ಎಲ್ಲ ತಿಂಗಳಿಗೆ 3,000 ಆಗುತ್ತದೆ ಎಂದುಕೊಂಡರೆ, ನೀವು ಬೆಂಗಳೂರಿಗೆ ಹೋದಾಗ ಮನೆಯಲ್ಲಿ ಅಷ್ಟು ಉಳಿಯುತ್ತದೆ. ಅಲ್ಲಿಗೆ ಕೆಲಸದಿಂದ ನಿಮ್ಮ ಕುಟುಂಬಕ್ಕೆ ನಿಜವಾಗಿ ಸಿಗುವುದು ತಿಂಗಳಿಗೆ 11,000, ವರ್ಷಕ್ಕೆ 1,32,000. ಎರಡನೇ ವರ್ಷ ಸಂಬಳ 1,500 ಹೆಚ್ಚಿದರೆ 1,50,000. ಎರಡು ವರ್ಷಕ್ಕೆ 2,82,000.

ಪಿಎಫ್ ಮರೆಯಬೇಡಿ, ಅದು ನಿಮ್ಮದೇ ದುಡ್ಡು. ಆದರೆ ಕಂಪನಿ ಕಟ್ಟುವ 1,560ರಲ್ಲಿ 1,083 ರೂ. ಪಿಂಚಣಿ ನಿಧಿಗೆ ಹೋಗಿ, ನಿಮ್ಮ ಪಿಎಫ್ ಖಾತೆಗೆ ಬೀಳುವುದು 477 ಮಾತ್ರ. ನಿಮ್ಮ ಪಾಲು ಸೇರಿ ತಿಂಗಳಿಗೆ 2,037, ಎರಡು ವರ್ಷಕ್ಕೆ ಸುಮಾರು 49,000. ಗ್ರಾಚ್ಯುಟಿಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ, ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಸಿಗುವಂಥದ್ದು. ಹೀಗೆ ಬಿಟ್ಟುಹೋಗುವ ಕೆಲಸದ ಬೆಲೆ 3,31,000 ರೂ. ಆಯಿತು.

ಇನ್ನು 'ಸುಮ್ಮನೆ ಬಿದ್ದಿರುವ' ಎಫ್‌ಡಿ. ಅದು ಸುಮ್ಮನೆ ಬಿದ್ದಿಲ್ಲ, ಬಡ್ಡಿ ದುಡಿಯುತ್ತಿದೆ. ಮೊದಲ ವರ್ಷ ಒಂದೂವರೆ ಲಕ್ಷ, ಎರಡನೇ ವರ್ಷ ಒಂದೂವರೆ ಲಕ್ಷ ತೆಗೆದರೆ, ಶೇ. 6.5ರ ದರದಲ್ಲಿ ಎಂಬಿಎ ಮುಗಿಯುವ ಹೊತ್ತಿಗೆ ಹೋಗುವ ಬಡ್ಡಿ ಸುಮಾರು 30,000. ಅಪ್ಪ ಕಟ್ಟಿದರೂ ಅದು ಮನೆಯ ದುಡ್ಡೇ. ಫೀಸು 3,00,000; ಪುಸ್ತಕ, ಪರೀಕ್ಷಾ ಶುಲ್ಕ, ಪ್ರಾಜೆಕ್ಟು, ಓಡಾಟಕ್ಕೆ 40,000; ಬಡ್ಡಿ 30,000; ಬಿಟ್ಟ ಕೆಲಸ 3,31,000. ಕೂಡಿಸಿದರೆ 7,01,000. ಅಪ್ಪ ಹೇಳುತ್ತಿರುವ 3 ಲಕ್ಷಕ್ಕೆ ಎರಡರಷ್ಟಕ್ಕಿಂತ ಹೆಚ್ಚು.

ಅಮ್ಮ ಹೇಳುವ 12 ಸಾವಿರ ಈ ಮೊತ್ತದಲ್ಲಿ ಎಲ್ಲೂ ಇಲ್ಲ, ಗಮನಿಸಿ. ಎಂಬಿಎಗೆ ಹೋದರೂ ಅದು ವಾಪಸ್ ಬರುವುದಿಲ್ಲ, ಕೆಲಸಕ್ಕೆ ಹೋದರೂ ಬರುವುದಿಲ್ಲ. ಎರಡೂ ದಾರಿಯಲ್ಲಿ ಒಂದೇ ಸಮ ಇರುವ ಖರ್ಚಿಗೆ ಯಾವ ದಾರಿ ಹಿಡಿಯಬೇಕೆಂದು ಹೇಳುವ ಹಕ್ಕಿಲ್ಲ. ಅಮ್ಮನಿಗೆ ಇದನ್ನು ಮೆಲ್ಲಗೆ ಹೇಳಿ. ಕಷ್ಟಪಟ್ಟು ಕೂಡಿಟ್ಟ ದುಡ್ಡು, ಸಂಕಟವಾಗುವುದು ಸಹಜ.

7 ಲಕ್ಷ ಎಂದ ಕೂಡಲೇ ಎಂಬಿಎ ಬೇಡ ಎಂದು ತೀರ್ಮಾನಿಸಬೇಡಿ. ಅದು ಎಷ್ಟು ಬೇಗ ವಾಪಸ್ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ, ಮತ್ತು ಹೆಚ್ಚಿನವರು ಎಡವುವುದೂ ಇಲ್ಲಿಯೇ. ಎಂಬಿಎ ಆದ ಮೇಲಿನ ಸಂಬಳವನ್ನು ಇವತ್ತಿನ 21,250ರ ಜೊತೆ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಎರಡು ವರ್ಷ ಅನುಭವವಾದ ನಿಮ್ಮ ಸಂಬಳದ ಜೊತೆ. ಜಿಎಸ್‌ಟಿ ರಿಟರ್ನ್, ಟಿಡಿಎಸ್, ತಿಂಗಳ ಕೊನೆಯ ಕ್ಲೋಸಿಂಗ್ ಇವನ್ನು ಯಾರ ನೆರವಿಲ್ಲದೆ ಮಾಡುವಷ್ಟು ಪಳಗಿದ ಮೇಲೆ ನಿಮಗೆ ಕೈಗೆ 28,000 ಸಿಗಬಹುದು ಎಂದುಕೊಳ್ಳೋಣ. ಎಂಬಿಎ ಮುಗಿಸಿದಾಗ 32,000 ಸಿಕ್ಕರೆ ವ್ಯತ್ಯಾಸ ತಿಂಗಳಿಗೆ ಬರೀ 4,000. 7 ಲಕ್ಷ ವಾಪಸ್ ಬರಲು ಹದಿನಾಲ್ಕೂವರೆ ವರ್ಷ ಬೇಕು. ಅದೇ 40,000 ಸಿಕ್ಕರೆ ಐದು ವರ್ಷದೊಳಗೆ ಬಂದುಬಿಡುತ್ತದೆ. ಈ ವ್ಯತ್ಯಾಸ ಮುಂದೆಯೂ ಹಾಗೇ ಇರುತ್ತದೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಎಂಬಿಎಯಿಂದ ನೇರ ಮ್ಯಾನೇಜರ್ ದರ್ಜೆಗೆ ಸೇರಿದವರ ಸಂಬಳ ಬೇಗ ಏರಬಹುದು, ಆಗ ಅವಧಿ ಇನ್ನೂ ಕಡಿಮೆಯಾಗುತ್ತದೆ.

ಅಂದರೆ ನಿಮ್ಮ ನಿರ್ಧಾರ ಆ ಕಾಲೇಜಿನಲ್ಲಿ ಓದಿದವರು 32,000 ಕಡೆಗಿದ್ದಾರೋ 40,000 ಕಡೆಗಿದ್ದಾರೋ ಎಂಬುದರ ಮೇಲೆ ನಿಂತಿದೆ. ಕಾಲೇಜಿನ ಪುಸ್ತಿಕೆಯಲ್ಲಿ 'ಶೇ. 90 ಪ್ಲೇಸ್‌ಮೆಂಟ್' ಎಂದಿದ್ದರೆ ಯಾವ ಸಂಖ್ಯೆಯಲ್ಲಿ ಶೇ. 90 ಎಂದು ಕೇಳಿ. ತರಗತಿಯಲ್ಲಿ 60 ಜನರಿದ್ದು, ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರು 20, ಕೆಲಸ ಸಿಕ್ಕವರು 18 ಆಗಿದ್ದರೂ ಶೇ. 90 ಎಂದೇ ಬರೆಯಬಹುದು. ನಿಮ್ಮ ಮಟ್ಟಿಗೆ ಅದು 60ಕ್ಕೆ 18. 'ಸರಾಸರಿ ಪ್ಯಾಕೇಜ್' ಕೂಡ ಹಾಗೆಯೇ, ಒಬ್ಬರಿಗೆ 9 ಲಕ್ಷ ಸಿಕ್ಕರೆ ಸಾಕು, ಎಲ್ಲರ ಸರಾಸರಿ ಮೇಲೇರುತ್ತದೆ. ಸಂಬಳಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ ನಟ್ಟನಡುವೆ ಯಾವುದು ಬರುತ್ತದೆ ಎಂದು ವಿಚಾರಿಸಿ.

ಇದಕ್ಕಿಂತ ನಂಬಬಹುದಾದದ್ದು ಎರಡು-ಮೂರು ವರ್ಷದ ಹಿಂದೆ ಅಲ್ಲಿ ಮುಗಿಸಿದವರ ಮಾತು. ಕಾಲೇಜು ತೋರಿಸುವ ಇಬ್ಬರನ್ನಲ್ಲ, ನೀವೇ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕಿ, ಒಂದು ಎಂಟು-ಹತ್ತು ಜನರನ್ನು ಕೇಳಿ. 'ಈಗಿನ ಕೆಲಸಕ್ಕೆ ಬರೀ ಬಿಕಾಂ ಆದವರನ್ನು ತೆಗೆದುಕೊಳ್ಳುತ್ತಾರಾ?' ಎಂಬುದು ಮೊದಲ ಪ್ರಶ್ನೆಯಾಗಲಿ. ಹೆಚ್ಚಿನವರು ಹೌದು ಎಂದರೆ, ಟಾರ್ಗೆಟ್ ಬೆನ್ನತ್ತುವ ಸೇಲ್ಸ್ ಕೆಲಸದಲ್ಲೇ ಇದ್ದರೆ, ಆ ಎಂಬಿಎ ನಿಮಗೆ ಹೊಸ ಬಾಗಿಲು ತೆರೆಯುವುದಿಲ್ಲ.

ಕೆಲಸ ಆರಿಸಿಕೊಂಡರೆ ಅದಕ್ಕೂ ಅವಕಾಶ ವೆಚ್ಚ ಇದೆ, ಅದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಈ ವರ್ಷದ ಸೀಟು ಹೋಗುತ್ತದೆ. ಆದರೆ ಪಿಜಿಸಿಇಟಿ ಮತ್ತೆ ಬರೆಯಬಹುದು, ಎರಡು ವರ್ಷ ಅನುಭವದ ಮೇಲೆ ಕ್ಯಾಟ್ ಬರೆದು ಇನ್ನೂ ಒಳ್ಳೆಯ ಕಾಲೇಜಿಗೂ ಪ್ರಯತ್ನಿಸಬಹುದು. ನಿಜವಾಗಿ ಕಳೆದುಹೋಗುವುದು ಓದಿನ ರೂಢಿ, ಮತ್ತು ಮುಂದೆ ಓದಲು ಹೊರಟಾಗ ಬಿಡಬೇಕಾದ ಸಂಬಳ 28,000 ಆಗಿರುತ್ತದೆ. ಅವಕಾಶ ವೆಚ್ಚ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಹಾಗಾಗಿ 'ಆಮೇಲೆ ನೋಡೋಣ' ಎಂದು ಹೊರಡಬೇಡಿ. ಯಾವ ವರ್ಷ ಮತ್ತೆ ಪರೀಕ್ಷೆ ಬರೆಯುತ್ತೀರಿ ಎಂದು ಈಗಲೇ ಗೊತ್ತುಮಾಡಿಕೊಳ್ಳಿ.

ಕೆಲಸ ಮಾಡುತ್ತಲೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲೋ ಇಗ್ನೋದಲ್ಲೋ ಸ್ನಾತಕೋತ್ತರ ಪದವಿ ಮಾಡುವ ದಾರಿಯೂ ಇದೆ. ಮಾನ್ಯತೆ ಪಡೆದ ದೂರಶಿಕ್ಷಣ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಸಂಬಳ ಉಳಿಯುತ್ತದೆ, ಹೋಗುವುದು ಭಾನುವಾರಗಳು ಮತ್ತು ಸಂಜೆಗಳು. ಕ್ಯಾಂಪಸ್ ಪ್ಲೇಸ್‌ಮೆಂಟ್ ಮಾತ್ರ ಅಲ್ಲಿಂದ ನಿರೀಕ್ಷಿಸಬೇಡಿ.

ನೀವು ಬರೆದಷ್ಟರ ಮೇಲೆ ನನ್ನ ಅಭಿಪ್ರಾಯ ಕೇಳಿದರೆ: ವಿಚಾರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೈಗೆ 38,000 ಅಥವಾ ಅದಕ್ಕೂ ಮೇಲೆ ಪಡೆಯುತ್ತಿದ್ದರೆ ಎಂಬಿಎಗೆ ಹೋಗಿ, ಆಗ 7 ಲಕ್ಷ ಸುಮಾರು ಆರು ವರ್ಷದಲ್ಲಿ ಬರುತ್ತದೆ. ಇಲ್ಲದಿದ್ದರೆ ಕೆಲಸಕ್ಕೆ ಸೇರಿ. ಸೇರುವ ಮುನ್ನ ಆಫರ್ ಲೆಟರ್‌ನಲ್ಲಿ ಬಾಂಡ್ ಇದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿ. ಬಾಂಡ್ ಇದ್ದರೆ ಎರಡು ವರ್ಷದ ಬಳಿಕ ಓದುವ ನಿಮ್ಮ ಯೋಜನೆಗೂ ಅದು ಅಡ್ಡ ಬರಬಹುದು. ಎಂಬಿಎ ಎಂದು ನಿರ್ಧಾರವಾದರೆ ಎಫ್‌ಡಿ ರಸೀದಿಯಲ್ಲಿ ಅವಧಿ ಮುಗಿಯುವ ದಿನಾಂಕ ನೋಡಿ. ಮುಂಚೆಯೇ ಮುರಿದರೆ ಬ್ಯಾಂಕು ಬಡ್ಡಿ ದರ ಇಳಿಸುತ್ತದೆ, ಆ ಕಡಿತವನ್ನೂ 7 ಲಕ್ಷಕ್ಕೆ ಸೇರಿಸಿ ಕಾಗದದ ಮೇಲೆ ಬರೆದು ಅಪ್ಪನ ಮುಂದಿಡಿ.